ಮೂಲವ್ಯಾಧಿಗೆ ಕ್ಷಾರಸೂತ್ರ ಮತ್ತು ಅಗ್ನಿಕರ್ಮ

ಮುಂಬೈ ಉಪನಗರ ರೈಲಿನಲ್ಲಿ ಬೊರಿವಲಿಗೆ ಓಡಾಡುವವರಿಗೆ ‘ಬವಾಸೀರ್, ಭಗಂದರ್’ ಎಂಬ ಜಾಹೀರಾತು ಹೊಸದಲ್ಲ. ಒಂದೇ ಉಸಿರಿನಲ್ಲಿ ಹೇಳಿದರೂ ಇವೆರಡೂ ಬೇರೆಬೇರೆ ರೋಗಗಳು. ಬವಾಸೀರ್ ಅಥವಾ ಮೂಲವ್ಯಾಧಿ ಎಂದರೆ ಗುದದ್ವಾರದ ರಕ್ತನಾಳಗಳು ಉಬ್ಬಿ ಮೊಳಕೆಯಾಗುವುದು. ಭಗಂದರ ಎಂದರೆ ಕೀವು ಕೊರೆದ ಸುರಂಗ.

ಕ್ಷಾರಸೂತ್ರವೆಂದರೆ ಮದ್ದು ಲೇಪಿಸಿದ ನಾರಿನ ದಾರ. ಅದಕ್ಕೆ ಎಲೆಗಳ್ಳಿಯ ಹಾಲನ್ನು 11 ಸಲ, ಹಾಲು ಮತ್ತು ಉತ್ತರಣೆಯ ಕ್ಷಾರವನ್ನು 7 ಸಲ, ಹಾಲು ಮತ್ತು ಅರಿಶಿನವನ್ನು 3 ಸಲ ಹಚ್ಚಿ, ಪ್ರತಿ ಸಲವೂ ಒಣಗಿಸುತ್ತಾರೆ. ಚಕ್ರದತ್ತದಲ್ಲಿ ಇದರ ಹಳೆಯ ರೂಪವಿದೆ. 1960ರ ದಶಕದಲ್ಲಿ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ಅದನ್ನು ಮತ್ತೆ ಬಳಕೆಗೆ ತಂದರು.

ಮಲವಿಸರ್ಜನೆಯ ವೇಳೆ ಹೊರಬಂದು, ಬೆರಳಿನಿಂದ ಒಳದೂಡಬೇಕಾಗುವ ಮೊಳಕೆಯನ್ನೇ ತೆಗೆದುಕೊಳ್ಳಿ. ಇದು ಮೂರನೆಯ ಹಂತ. ಅರಿವಳಿಕೆ ಕೊಟ್ಟು, ಮೊಳಕೆಯ ಬುಡಕ್ಕೆ ಸೂಜಿ ಚುಚ್ಚಿ, ದಾರವನ್ನು ಎರಡೂ ಬದಿಗೆ ಬಿಗಿದು ಕಟ್ಟುತ್ತಾರೆ. ರಕ್ತ ಸಿಗದೆ ಮೊಳಕೆ ಕಪ್ಪಾಗಿ, ಸುಮಾರು ಒಂದು ವಾರದಲ್ಲಿ ಉದುರುತ್ತದೆ. ಗಾಯ ಮಾಯಲು ಮತ್ತೆ ಕೆಲವು ವಾರ ಬೇಕು. ಆಧುನಿಕ ವೈದ್ಯರು ಹಾಕುವ ರಬ್ಬರ್ ಬ್ಯಾಂಡ್ ಕೆಲಸವೂ ಇದೇ. ಆದರೆ ಅದನ್ನು ನೋವಿನ ನರಗಳಿಲ್ಲದ ಮೇಲಿನ ಭಾಗಕ್ಕೆ ಹಾಕುವುದರಿಂದ ಸಾಮಾನ್ಯವಾಗಿ ಅರಿವಳಿಕೆ ಬೇಡ, ರೋಗಿ ಅದೇ ದಿನ ಮನೆಗೆ ಹೋಗಬಹುದು. ದಾರವಾಗಲಿ ಬ್ಯಾಂಡಾಗಲಿ ಆ ಗಡಿ ದಾಟಿ ಚರ್ಮವನ್ನು ಹಿಡಿದರೆ ನೋವು ತಡೆಯಲಾಗದು.

ಅಗ್ನಿಕರ್ಮದಲ್ಲಿ ಕಾಯಿಸಿದ ಲೋಹದ ಕಡ್ಡಿಯಿಂದ ಸುಡುತ್ತಾರೆ. ಸುಶ್ರುತನು ಇದನ್ನು ಒರಟಾದ, ಗಟ್ಟಿಯಾದ, ಅಲುಗದ ಮೊಳಕೆಗಳಿಗಷ್ಟೇ ಹೇಳಿದ್ದಾನೆ. ಸುಡುವ ಆಳ ಕೈಯ ಅಳತೆಗೆ ಬಿಟ್ಟದ್ದು. ಹೆಚ್ಚು ಸುಟ್ಟರೆ ಗಾಯ ಮಾಯುವಾಗ ದ್ವಾರವೇ ಕಿರಿದಾಗುತ್ತದೆ. ದಾರದಿಂದಲೂ ರಕ್ತಸ್ರಾವ, ಮೂತ್ರ ಕಟ್ಟುವುದು, ಸೋಂಕು ಆಗಬಹುದು. ಜ್ವರ, ಹೆಚ್ಚುತ್ತಲೇ ಹೋಗುವ ನೋವು, ಮೂತ್ರ ಹೋಗದಿರುವುದು ಒಟ್ಟಿಗೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದಾರದ ಪರವಾಗಿ ಎತ್ತಿ ತೋರಿಸುವ ದೊಡ್ಡ ಪುರಾವೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 1991ರ ಅಧ್ಯಯನ. ಅದರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಶೇ. 11ರಷ್ಟು ಮಂದಿಗೆ ರೋಗ ಮರಳಿದರೆ, ದಾರದ ನಂತರ ಮರಳಿದ್ದು ಸುಮಾರು ಶೇ. 4ರಷ್ಟು ಮಂದಿಗೆ, ದಾರಕ್ಕೆ ಗುಣವಾಗುವ ಅವಧಿ ಮಾತ್ರ ಹೆಚ್ಚು. ಆದರೆ ಅದು ಭಗಂದರದ ಅಧ್ಯಯನ. ಆ ಅಂಕಿಯನ್ನು ಮೂಲವ್ಯಾಧಿಗೆ ಅಂಟಿಸುವುದು ತಪ್ಪು.

ಮೊದಲ ಹಂತಗಳಲ್ಲಿ ನಾರಿನಂಶದ ಆಹಾರ, ನೀರು, ಮುಕ್ಕರಿಸದಿರುವುದು, ಬಳಿಕ ಬ್ಯಾಂಡ್ ಸಾಕಾಗುತ್ತದೆ. ದೊಡ್ಡ ಮೊಳಕೆಗೆ 1937ರಿಂದ ಬಳಕೆಯಲ್ಲಿರುವ ಮಿಲಿಗನ್–ಮಾರ್ಗನ್ ಶಸ್ತ್ರಚಿಕಿತ್ಸೆ ಇದೆ. ನೋವು ಹೆಚ್ಚು, ಮರುಕಳಿಕೆ ಕಡಿಮೆ. ದಾರವೇ ಬೇಕೆನ್ನುವವರು ಬೋರ್ಡು ನಂಬದೆ, ವರ್ಲಿಯ ಪೋದಾರ್ ಆಯುರ್ವೇದ ಕಾಲೇಜಿನಂಥ ಕಡೆ ಶಲ್ಯತಂತ್ರ ಕಲಿತವರನ್ನೇ ಕಾಣಬೇಕು. ನಲವತ್ತೈದು ದಾಟಿದವರಿಗೆ ರಕ್ತ ಬೀಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ದಾರ ಕಟ್ಟಿಸುವ ಮುನ್ನ ಕರುಳಿನ ಪರೀಕ್ಷೆ ಮಾಡಿಸಿ; ಕರುಳಿನ ಕ್ಯಾನ್ಸರೂ ಮೊದಮೊದಲು ಹೀಗೆಯೇ ರಕ್ತವಾಗಿ ಕಾಣಿಸಿಕೊಳ್ಳಬಹುದು.