ಬರ್ಗಮಾಟ್ ಎಣ್ಣೆ ಮತ್ತು ಬಿಸಿಲಿನ ಕಪ್ಪು ಕಲೆ

ಬರ್ಗಮಾಟ್ ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ ಹೇರಳವಾಗಿ ಬೆಳೆಯುವ, ನಿಂಬೆಯ ಕುಲಕ್ಕೆ ಸೇರಿದ ಹಣ್ಣು. ಇದರ ಸಿಪ್ಪೆಯನ್ನು ಹಿಂಡಿ ತೆಗೆದ ಸುಗಂಧ ತೈಲ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಉರಿ, ಕೆಂಪು, ಕೆಲವೊಮ್ಮೆ ಗುಳ್ಳೆ ಏಳುತ್ತವೆ. ಆಮೇಲೆ ತಿಂಗಳುಗಟ್ಟಲೆ ಮಾಸದ ಕಪ್ಪು ಕಲೆ ಉಳಿಯುತ್ತದೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಟಲಿ ಮೂಲದ ಯೋಹಾನ್ ಮರಿಯಾ ಫರೀನಾ ಜರ್ಮನಿಯ ಕಲೋನ್ ನಗರದಲ್ಲಿ ಸುಗಂಧದ್ರವ್ಯ ತಯಾರಿಸತೊಡಗಿದ. ಅವನ 'ಓ ಡಿ ಕಲೋನ್‌'ನಲ್ಲಿ ಬರ್ಗಮಾಟ್‌ನ ಪರಿಮಳವೇ ಪ್ರಧಾನ. ಅದು ಯುರೋಪಿನಾದ್ಯಂತ ಹರಡಿ ಇನ್ನೂರು ವರ್ಷ ಕಳೆದ ಮೇಲೆ, 1916ರಲ್ಲಿ, ಎಮಾನ್ಯುಯೆಲ್ ಫ್ರಾಯ್ಂಡ್ ಎಂಬ ವೈದ್ಯ ಕಲೋನ್ ಹಚ್ಚಿಕೊಂಡು ಬಿಸಿಲಿಗೆ ಮೈಯೊಡ್ಡಿದವರ ಕಲೆಗಳನ್ನು ವರ್ಣಿಸಿ, ಬರ್ಗಮಾಟ್ ಎಣ್ಣೆಯತ್ತ ಬೆರಳು ತೋರಿದ. ಕತ್ತಿನ ಮೇಲೆ ದ್ರವ ಇಳಿದ ಜಾಡಿನಲ್ಲೇ ಪದಕದ ಆಕಾರದ ಕಲೆ ಮೂಡುತ್ತಿದ್ದುದರಿಂದ, 1925ರಲ್ಲಿ ಅದಕ್ಕೆ 'ಬರ್ಲೋಕ್ ಡರ್ಮಟೈಟಿಸ್' ಎಂಬ ಹೆಸರು ಬಂತು.

ಇದಕ್ಕೆ ಕಾರಣ ಎಣ್ಣೆಯಲ್ಲಿರುವ ಬರ್ಗಾಪ್ಟನ್. ಇದು ಫ್ಯೂರೊಕೌಮರಿನ್ ವರ್ಗದ ವಸ್ತು. ಬಿಸಿಲಿನ ಯುವಿ-ಎ ಕಿರಣ ತಾಗಿದೊಡನೆ ಅದು ಚರ್ಮದ ಕೋಶಗಳ ಡಿಎನ್‌ಎಗೆ ಅಂಟಿಕೊಂಡು ಹಾನಿ ಮಾಡುತ್ತದೆ. ಚರ್ಮ ಹೆಚ್ಚಾಗಿ ಬಣ್ಣ ತಯಾರಿಸಿ ಕಪ್ಪಾಗುತ್ತದೆ. ಇದು ಅಲರ್ಜಿಯಲ್ಲ; ಸಾಕಷ್ಟು ಎಣ್ಣೆ, ಸಾಕಷ್ಟು ಬಿಸಿಲು ಸೇರಿದರೆ ಯಾರಿಗಾದರೂ ಆಗಬಹುದು. ಉರಿ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತೀವ್ರವಾಗುತ್ತದೆ. ಹಾಗಾಗಿ ಹಚ್ಚಿದ ಎಣ್ಣೆಗೂ ಕಲೆಗೂ ಇರುವ ನಂಟು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ನೇರವಾಗಿ ಕಲೆಯೇ ಕಾಣಬಹುದು. ಭಾರತದ ವೈದ್ಯಪದ್ಧತಿಯಲ್ಲಿ ತೊನ್ನಿಗೆ ಬಾಕುಚಿ ಬೀಜ ಹಚ್ಚಿ ಬಿಸಿಲಿಗೊಡ್ಡುತ್ತಿದ್ದುದರ ಹಿಂದೆಯೂ ಇದೇ ವರ್ಗದ ಸೊರಾಲೆನ್ ಕೆಲಸ ಮಾಡುತ್ತದೆ.

1973ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸುಗಂಧ ಸಂಘಟನೆ 'ಇಫ್ರಾ' ಮುಂದೆ ಇದಕ್ಕೆ ಮಿತಿ ಹಾಕಿತು. ಬಿಸಿಲಿಗೆ ಒಡ್ಡುವ ಚರ್ಮದ ಮೇಲೆ ಉಳಿಯುವ ಉತ್ಪನ್ನದಲ್ಲಿ ಬರ್ಗಮಾಟ್ ಎಣ್ಣೆ ಶೇ. 0.4ನ್ನು ಮೀರಬಾರದು. ಹಿಂಡಿ ತೆಗೆದ ಲೈಮ್ ಎಣ್ಣೆಗೆ ಶೇ. 0.7, ನಿಂಬೆ ಎಣ್ಣೆಗೆ ಶೇ. 2, ಗ್ರೇಪ್‌ಫ್ರೂಟ್‌ಗೆ ಶೇ. 4 ಮಿತಿ. ಸಿಹಿ ಕಿತ್ತಳೆ ಎಣ್ಣೆಗೆ ಈ ದೋಷವಿಲ್ಲ.

30 ಮಿಲಿ ಕೊಬ್ಬರಿ ಎಣ್ಣೆಯ ಲೆಕ್ಕ ನೋಡಿ. ಅದರ ಶೇ. 0.4 ಎಂದರೆ 0.12 ಮಿಲಿ. ಮಿಲಿಗೆ ಸುಮಾರು 20 ಹನಿಯಂತೆ ಎರಡು ಹನಿ ಹಾಕಬಹುದು. ಮೂರನೆಯದು ಮಿತಿ ದಾಟುತ್ತದೆ. ಮಸಾಜಿಗೆ ವಾಡಿಕೆಯಾದ ಶೇ. 2ರ ಮಿಶ್ರಣದಲ್ಲಿ ಸುಮಾರು ಹನ್ನೆರಡು ಹನಿ ಬೀಳುತ್ತವೆ, ಅಂದರೆ ಮಿತಿಯ ಐದು ಪಟ್ಟು. ಬರ್ಗಮಾಟ್ ಜೊತೆಗೆ ನಿಂಬೆಯನ್ನೂ ಸೇರಿಸುವುದಾದರೆ ಎರಡರ ಪಾಲನ್ನೂ ತಗ್ಗಿಸಬೇಕು, ಏಕೆಂದರೆ ಅಪಾಯ ಕೂಡುತ್ತಾ ಹೋಗುತ್ತದೆ.

ಹೆಚ್ಚು ಪ್ರಮಾಣ ಬೇಕಾದವರು ಫ್ಯೂರೊಕೌಮರಿನ್ ತೆಗೆದ, 'ಎಫ್‌ಸಿಎಫ್' ಎಂದು ಗುರುತಿಸಿದ ಬರ್ಗಮಾಟ್ ಎಣ್ಣೆಯನ್ನು ಕೊಳ್ಳಬೇಕು. ಮಿತಿ ಮೀರಿದ ಮಿಶ್ರಣ ಹಚ್ಚಿದ್ದರೆ, ಕನಿಷ್ಠ 12 ಗಂಟೆ ಆ ಭಾಗಕ್ಕೆ ಬಿಸಿಲು ತಾಗದಂತೆ ಬಟ್ಟೆಯಿಂದ ಮುಚ್ಚಿಕೊಳ್ಳಬೇಕು.