ಜ್ಯೂಸ್ ಅದೇ, ಡಬ್ಬ ಮಾತ್ರ ಬೇರೆ

ಒಂದ್ಸಲ ನಿಮ್ಮ ಬೀದಿಯ ಕಿರಾಣಿ ಅಂಗಡಿ ನೆನಪು ಮಾಡ್ಕೊಳ್ಳಿ. ‘ಅಣ್ಣ, ಒಂದು ಸೋಪು ಕೊಡಿ’ ಅಂದ್ರೆ ಅವರೇ ತೆಗೆದು ಕೊಡ್ತಾರೆ. ಯಾವುದು ಚೆನ್ನಾಗಿದೆ ಅಂತಾನೂ ಅವರೇ ಹೇಳ್ತಾರೆ.

ಅಮೆರಿಕದಲ್ಲೂ ಮೊದಲು ಹೀಗೇ ಇತ್ತು. 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಮೆಂಫಿಸ್ ನಗರದಲ್ಲಿ ‘ಪಿಗ್ಲಿ ವಿಗ್ಲಿ’ ಅನ್ನೋ ಅಂಗಡಿ ತೆರೆದ. ಅಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು, ಸಾಮಾನು ಆರಿಸಿಕೊಂಡು, ಹೊರಗೆ ಹೋಗುವಾಗ ದುಡ್ಡು ಕೊಡಬೇಕಿತ್ತು. ಇದು ಚೆನ್ನಾಗಿದೆ, ತಗೊಳ್ಳಿ ಅನ್ನೋಕೆ ಯಾರೂ ಇರಲಿಲ್ಲ. ಆ ಕೆಲಸ ಡಬ್ಬದ ಪಾಲಿಗೆ ಬಂತು.

ಡಬ್ಬ ಆ ಕೆಲಸ ಮರೆತರೆ ಏನಾಗುತ್ತೆ? ಅದನ್ನು ತೋರಿಸಿದ್ದು 2009ರ ಟ್ರಾಪಿಕಾನಾ ಕಥೆ.

ಆಗ ಪೆಪ್ಸಿಕೋ ಕಂಪನಿಯದಾಗಿದ್ದ ಈ ಕಿತ್ತಳೆ ಜ್ಯೂಸ್‌ನ ಹಳೆ ಡಬ್ಬ ನೋಡೋಕೆ ಸರಳ. ಒಂದು ಇಡೀ ಕಿತ್ತಳೆ, ಅದಕ್ಕೆ ಚುಚ್ಚಿದ ಸ್ಟ್ರಾ, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು. ಆ ವರ್ಷದ ಜನವರಿಯಲ್ಲಿ ಪೀಟರ್ ಅರ್ನೆಲ್ ಅವರ ಏಜೆನ್ಸಿ ಮಾಡಿದ ಹೊಸ ಡಬ್ಬ ಬಂತು. ಕಿತ್ತಳೆ ಹಣ್ಣು ಹೋಗಿ ಒಂದು ಗ್ಲಾಸ್ ಜ್ಯೂಸ್ ಬಂತು. ಹೆಸರು ಚಿಕ್ಕದಾಗಿ, ಅಡ್ಡ ಇದ್ದದ್ದು ಉದ್ದಕ್ಕೆ ತಿರುಗಿತು. ‘ನೂರಕ್ಕೆ ನೂರು ಕಿತ್ತಳೆ’ ಅನ್ನೋ ಸಾಲು ಎದ್ದು ಕಂಡಿತು.

ಎಡವಟ್ಟಾಗಿದ್ದು ಇಲ್ಲೇ. ಅವಸರದಲ್ಲಿರೋ ಗಿರಾಕಿ ಡಬ್ಬ ಓದೋದಿಲ್ಲ, ಗುರುತು ಹಿಡಿಯುತ್ತಾನೆ. ದೂರದಿಂದ ಮೊದಲು ಕಾಣೋದು ಬಣ್ಣ, ಆಕಾರ. ಆಮೇಲೆ ದೊಡ್ಡ ಅಕ್ಷರದ ಹೆಸರು. ಹಣ್ಣಿನ ತಿರುಳು ಇದೆಯಾ ಇಲ್ವಾ ಅನ್ನೋ ವಿವರ ಕೈಗೆತ್ತಿಕೊಂಡ ಮೇಲೆ. ಹೊಸ ಡಬ್ಬ ಈ ಸರದಿಯನ್ನೇ ತಲೆಕೆಳಗು ಮಾಡಿತ್ತು. ಎಲ್ಲಾ ಜ್ಯೂಸ್ ಕಂಪನಿಗಳೂ ಹೇಳಬಹುದಾದ ಮಾತು ದೊಡ್ಡದಾಯ್ತು, ಟ್ರಾಪಿಕಾನಾ ಮಾತ್ರ ಹೇಳಬಹುದಾದ ಹೆಸರು ಚಿಕ್ಕದಾಯ್ತು. ಇದು ಸೂಪರ್‌ಮಾರ್ಕೆಟ್‌ನವರದೇ ಅಗ್ಗದ ಜ್ಯೂಸ್ ಥರ ಕಾಣುತ್ತೆ ಅಂತ ಗಿರಾಕಿಗಳು ದೂರಿದರು. ಹಳೇ ಗಿರಾಕಿಗಳಿಗೇ ತಮ್ಮ ಜ್ಯೂಸ್ ಎಲ್ಲಿದೆ ಅಂತ ಗೊತ್ತಾಗಲಿಲ್ಲ.

ಎರಡು ತಿಂಗಳೊಳಗೆ ಮಾರಾಟ ಸುಮಾರು 20% ಕುಸಿಯಿತು. ಪಕ್ಕದಲ್ಲೇ ಇದ್ದ ಎದುರಾಳಿಗಳ ಮಾರಾಟ ಏರಿತು. ಒಳಗಿದ್ದ ಜ್ಯೂಸ್ ಮಾತ್ರ ಒಂದು ಹನಿಯೂ ಬದಲಾಗಿರಲಿಲ್ಲ! ಫೆಬ್ರವರಿ ಮುಗಿಯೋದರೊಳಗೆ ಹಳೆ ಡಬ್ಬವನ್ನೇ ವಾಪಸ್ ತರ್ತೀವಿ ಅಂತ ಕಂಪನಿ ಹೇಳಿತು.

ಹೊಸ ಡಬ್ಬ ನೋಡೋಕೆ ಕೆಟ್ಟದಾಗೇನೂ ಇರಲಿಲ್ಲ. ಮೇಜಿನ ಮೇಲೆ ಒಂದೇ ಇಟ್ಟರೆ ಚಂದವೇ. ಆದರೆ ಡಬ್ಬ ಯಾವತ್ತೂ ಒಂಟಿಯಾಗಿ ನಿಲ್ಲೋದಿಲ್ಲ. ನೀವೇನಾದ್ರೂ ಮನೇಲಿ ಚಟ್ನಿಪುಡಿ ಮಾಡಿ ಮಾರುತ್ತಿದ್ದರೆ, ಲೇಬಲ್ ಪ್ರಿಂಟ್ ಹಾಕಿಸೋ ಮೊದಲು ಅದನ್ನ ಬೇರೆ ಹತ್ತು ಪ್ಯಾಕೆಟ್‌ಗಳ ನಡುವೆ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ನಿಮ್ಮದು ಯಾವುದು ಅಂತ ತಕ್ಷಣ ಗೊತ್ತಾಗಬೇಕು. ಹುಡುಕಬೇಕಾಗಿ ಬಂದ್ರೆ, ಗಿರಾಕಿ ಅಷ್ಟು ಹೊತ್ತು ನಿಲ್ಲಲ್ಲ.