ದಂಡನೆಯ ಸಿದ್ಧಾಂತಗಳು

ಅಪರಾಧಿಯನ್ನು ರಾಜ್ಯವು ದಂಡಿಸುವುದಕ್ಕೆ ನ್ಯಾಯಶಾಸ್ತ್ರವು ಮುಖ್ಯವಾಗಿ ಮೂರು ಸಮರ್ಥನೆಗಳನ್ನು ಕೊಡುತ್ತದೆ. ಪ್ರತೀಕಾರವಾದವು ನಡೆದ ಕೃತ್ಯವನ್ನು ನೋಡಿ, ದೋಷಕ್ಕೆ ತಕ್ಕಷ್ಟು ದಂಡವು ಸಲ್ಲಬೇಕೆನ್ನುತ್ತದೆ. ನಿರೋಧವಾದವು ಮುಂದಿನದನ್ನು ನೋಡಿ, ಒಬ್ಬನ ಶಿಕ್ಷೆಯಿಂದ ಇತರರು ಅಂಜಬೇಕೆನ್ನುತ್ತದೆ. ಸುಧಾರಣಾವಾದವು ಅಪರಾಧಿಯನ್ನೇ ನೋಡಿ, ಅವನು ಮರಳಿ ಸಮಾಜಕ್ಕೆ ಸಲ್ಲುವಂತಾಗಬೇಕೆನ್ನುತ್ತದೆ. ಮೊದಲನೆಯದನ್ನು ಕಾಂಟನೂ ಎರಡನೆಯದನ್ನು ಬೆಂಥಮನೂ ಸಮರ್ಥಿಸಿದರು.

ಪ್ರಾಚೀನ ಮತ

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡಗಳೆಂಬ ನಾಲ್ಕನ್ನು ಹೇಳಿ, ಅಪರಾಧ, ದೇಶ, ಕಾಲ, ವಯಸ್ಸು, ಶಕ್ತಿಗಳನ್ನು ಅರಿತು ಅವನ್ನು ವಿಧಿಸಬೇಕೆನ್ನುತ್ತದೆ. ದೋಷದ ಪ್ರಮಾಣವೊಂದೇ ಸಾಲದೆಂಬ ಎಚ್ಚರವು ಇದರಲ್ಲಿದೆ.

ಶ್ರದ್ಧಾನಂದ ಪ್ರಕರಣ

ಮೂರು ವಾದಗಳೂ ಒಂದೇ ತೀರ್ಪಿನಲ್ಲಿ ಘರ್ಷಿಸಿದ್ದನ್ನು ಕಾಣಬೇಕಾದರೆ ಕರ್ನಾಟಕದ ಸ್ವಾಮಿ ಶ್ರದ್ಧಾನಂದ ಪ್ರಕರಣವನ್ನು ಓದಬೇಕು. 1991ರಲ್ಲಿ ಬೆಂಗಳೂರಿನಲ್ಲಿ ಆಸ್ತಿಯ ಆಸೆಗೆ ಪತಿಯು ಪತ್ನಿಗೆ ಮತ್ತು ಬರಿಸಿ, ಮೊದಲೇ ಮಾಡಿಸಿದ್ದ ಮರದ ಪೆಟ್ಟಿಗೆಯಲ್ಲಿಟ್ಟು, ಮನೆಯ ಆವರಣದಲ್ಲಿಯೇ ಹೂಳಿದನು. 1994ರಲ್ಲಿ ಅವಶೇಷಗಳು ದೊರೆತವು. ವಿಚಾರಣಾ ನ್ಯಾಯಾಲಯವು ವಿಧಿಸಿದ ಮರಣದಂಡನೆಯನ್ನು 2005ರಲ್ಲಿ ಉಚ್ಚ ನ್ಯಾಯಾಲಯವು ಸ್ಥಿರಪಡಿಸಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲನ್ನೂ ಮತ್ತೊಬ್ಬರು ಜೀವಾವಧಿಯನ್ನೂ ಎತ್ತಿಹಿಡಿದುದರಿಂದ ವಿಷಯವು ತ್ರಿಸದಸ್ಯ ಪೀಠಕ್ಕೆ ಹೋಯಿತು.

ತೊಡಕು ಇದ್ದದ್ದು ಅಳತೆಯಲ್ಲಿ. ಜೀವಾವಧಿ ಎಂದರೆ ಕಾನೂನಿನಲ್ಲಿ ಸಾಯುವವರೆಗೆ. ಆದರೆ ಸರ್ಕಾರದ ಮಾಫಿಯಿಂದ ಅದು ಬಹುಶಃ ಹದಿನಾಲ್ಕು ವರ್ಷಗಳಿಗೆ ಇಳಿಯುತ್ತಿತ್ತು, ಏಕೆಂದರೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 433ಎ ಪ್ರಕರಣವು ಕೊಲೆಗೆ ಕನಿಷ್ಠವಾಗಿ ಅಷ್ಟನ್ನೇ ಕೇಳುತ್ತಿತ್ತು. ಗಲ್ಲು ಅತಿಯಾಗಿ, ಹದಿನಾಲ್ಕು ವರ್ಷ ತೀರ ಕಡಿಮೆಯಾಗಿ ತೋರುವಲ್ಲಿ ನಡುವೆ ಒಂದು ಮಾರ್ಗವಿರಬೇಕೆಂದು ಪೀಠವು 2008ರಲ್ಲಿ ತರ್ಕಿಸಿ, ಮಾಫಿಯಿಲ್ಲದ ಆಜೀವ ಕಾರಾವಾಸವನ್ನು ವಿಧಿಸಿತು. 2015ರಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠವು ಬಹುಮತದಿಂದ ಇದನ್ನು ಒಪ್ಪಿತಾದರೂ ಈ ಅಧಿಕಾರವನ್ನು ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳಿಗಷ್ಟೇ ಮೀಸಲಿಟ್ಟಿತು.

ತುಲನೆ

"ತೀರ ಕಡಿಮೆ" ಎಂಬ ನಿರ್ಣಯವು, ನನ್ನ ಅಭಿಪ್ರಾಯದಲ್ಲಿ, ಶುದ್ಧ ಪ್ರತೀಕಾರವಾದದ್ದು. ಅಲ್ಲಿ ತೂಗಿದ್ದು ಕೃತ್ಯದ ಘೋರತೆಯನ್ನು. ನಿರೋಧವಾದದಿಂದ ಅದಕ್ಕೆ ಹೆಚ್ಚಿನ ಬಲ ದೊರೆಯಲಾರದು. ಸಿಕ್ಕಿಬೀಳುವುದಿಲ್ಲವೆಂದು ನಂಬಿ ಪೆಟ್ಟಿಗೆ ಮಾಡಿಸುವವನು ಹದಿನಾಲ್ಕು ವರ್ಷಕ್ಕೂ ಆಜೀವಕ್ಕೂ ಇರುವ ಅಂತರವನ್ನು ಎಣಿಸುವನೆನ್ನುವುದು ಕಷ್ಟ. ಸುಧಾರಣಾವಾದದ ಸ್ಥಿತಿ ಮಾತ್ರ ವಿಚಿತ್ರವಾದುದು. 1980ರ ಬಚನ್ ಸಿಂಗ್ ತೀರ್ಪು ಗಲ್ಲನ್ನು ವಿಧಿಸುವ ಮುನ್ನ ಅಪರಾಧಿಯು ತಿದ್ದಿಕೊಳ್ಳುವ ಸಂಭವವನ್ನು ಪರಿಶೀಲಿಸಬೇಕೆಂದಿತ್ತು. ಆ ಸಂಭವವನ್ನು ಗೌರವಿಸಿ ಪ್ರಾಣವನ್ನು ಉಳಿಸಿದ ಮೇಲೆ, ಅವನು ನಿಜಕ್ಕೂ ತಿದ್ದಿಕೊಂಡರೂ ಬಿಡುಗಡೆಯ ಸಾಮಾನ್ಯ ಬಾಗಿಲು ಮುಚ್ಚಿಯೇ ಇರುತ್ತದೆ. ಉಳಿಯುವುದು ಸಂವಿಧಾನದ 72 ಮತ್ತು 161ನೆಯ ವಿಧಿಗಳನ್ವಯ ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾಧಿಕಾರವೊಂದೇ. ಗಲ್ಲಿನ ಕಂಬವಿರುವ ಬೆಳಗಾವಿಯ ಹಿಂಡಲಗಾದಂತಹ ಕಾರಾಗೃಹದಲ್ಲಿ ಇಂಥ ಬಂದಿಯ ನಡತೆಗೆ ಬೆಲೆ ಸಿಗುವುದಾದರೆ ಅದು ಆ ಅಧಿಕಾರದ ಮೂಲಕವೇ.